ನೂರಾ ನಲವತ್ತೆರಡು ಧೋಕಾ, ಓದಿ ಮಂಜೂರು

ಇಚಲಕರಂಜಿಯ ಆ ಸಹಕಾರಿ ನೂಲಿನ ಗಿರಣಿಗೆ ನಾನು ಟೈಪಿಸ್ಟ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆದರೂ ಗಿರಣಿಯನ್ನು ಹೇಗೆ ನಡೆಸಬೇಕು ಎಂಬುದು ಅದರ ಮ್ಯಾನೇಜರರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ನಂಬಿದ್ದೆ. ನಂಬಲು ಕಾರಣವೂ ಇತ್ತು. ಕೊಲ್ಹಾಪುರದಲ್ಲಿ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವನ ಹತ್ತಿರ ಒಂದು ಇಂಗ್ಲಿಷ್ ಪುಸ್ತಕ ಕೊಂಡಿದ್ದೆ. ಕಾರಖಾನೆ ನಡೆಸುವ ಶಾಸ್ತ್ರ ಅದರಲ್ಲಿತ್ತು. ರಟ್ಟು ಇರಲಿಲ್ಲ, ಮೊದಲ ಮೂವತ್ತು ಪುಟ ಇರಲಿಲ್ಲ, ಕೊನೆಯ ಕೆಲವು ಅಧ್ಯಾಯಗಳನ್ನು ಯಾರೋ ಚುರುಮುರಿ ಕಟ್ಟಲು ಹರಿದುಕೊಂಡಿದ್ದರು. ನಡುವೆ ಉಳಿದದ್ದನ್ನು ನಾನು ಡಿಕ್ಷನರಿ ಇಟ್ಟುಕೊಂಡು ಮೂರು ಸಲ ಓದಿದ್ದೆ. ಎಂಬತ್ತರ ದಶಕದ ಆರಂಭ ಅದು. ಗಡಹಿಂಗ್ಲಜದ ಟೈಪಿಂಗ್ ಕ್ಲಾಸಿನಿಂದ ಹೊರಬಿದ್ದ ಹುಡುಗರಲ್ಲಿ ಇಂಥ ಪುಸ್ತಕ ಓದಿದವನು ನಾನೊಬ್ಬನೇ ಇರಬೇಕು. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ.

ಹೀಗಿರುವಾಗ ವಿಮಾ ಕಂಪನಿಯ ಕೊಲ್ಹಾಪುರ ಕಚೇರಿಯಿಂದ ಒಂದು ಪತ್ರ ಬಂತು. ನಿಮ್ಮ ಗಿರಣಿಯಲ್ಲಿ ಯಾವ ಯಾವ ಅಪಾಯಗಳಿವೆ, ಅವಕ್ಕೆ ಏನು ವ್ಯವಸ್ಥೆ ಮಾಡಿದ್ದೀರಿ ಎಂದು ಬರೆದು, ಸಂಚಾಲಕ ಮಂಡಳಿಯ ಮುಂದಿಟ್ಟು, ಚೇರಮನ್‌ರ ಸಹಿ ಮಾಡಿಸಿ ಕಳಿಸಿರಿ. ನಮ್ಮ ಸರ್ವೇಯರ್ ಬಂದು ನೋಡುತ್ತಾರೆ, ಎಂದಿತ್ತು. ಮ್ಯಾನೇಜರ್ ಸಾಹೇಬರು ನನ್ನನ್ನು ಒಳಗೆ ಕರೆದರು.

"ನಿನ್ನ ಆ ಹರಕ ಪುಸ್ತಕದಾಗ ಇದೈತೇನೋ?"

"ಐತ್ರಿ ಸಾಹೇಬ್ರ. ರಿಸ್ಕ್ ರಜಿಸ್ಟರ್ ಅಂತಾರ್ರಿ ಇದಕ್ಕ."

"ಏನರ ಅನ್ನಲಿ. ನಾವು ಧೋಕಾ ಯಾದಿ ಅನ್ನೋಣು. ನೀನs ಮಾಡು. ಆದ್ರ ಒಂದ್ ಮಾತು, ದಪ್ಪ ಆಗ್ಬೇಕು. ತೆಳ್ಳಗ ಕೊಟ್ರ ಇವ್ರೇನೂ ನೋಡೇ ಇಲ್ಲ ಅಂತಾರ."

ಮರಾಠಿಯ ಧೋಕಾ ಎಂದರೆ ಮೋಸವಲ್ಲ, ಅಪಾಯ; ಯಾದಿ ಎಂದರೆ ಪಟ್ಟಿ. ದಪ್ಪ ಮಾಡುವುದು ನನಗೆ ಬರುತ್ತಿತ್ತು. ಪುಸ್ತಕದಲ್ಲೂ ಬರೆದಿತ್ತು: ಯಾವ ಅಪಾಯವನ್ನೂ ಬಿಡಬೇಡಿ, ಎಲ್ಲರನ್ನೂ ಕೇಳಿ. ಆಮೇಲೆ ಆ ರಾಶಿಯನ್ನು ಏನು ಮಾಡಬೇಕು ಎಂಬುದು ಬಹುಶಃ ಚುರುಮುರಿಯ ಜೊತೆ ಹೋದ ಅಧ್ಯಾಯಗಳಲ್ಲಿತ್ತು.

ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಖಾತೆಯಿಂದ ಖಾತೆಗೆ, ಅಂದರೆ ವಿಭಾಗದಿಂದ ವಿಭಾಗಕ್ಕೆ, ತಿರುಗಿದೆ. ಜೀವನದಲ್ಲಿ ಮೊದಲ ಸಲ ಜನ ನನ್ನನ್ನು ಕೂಡ್ರಿಸಿ ಚಹಾ ಕೊಟ್ಟರು. ಧೋಕಾ ಕೇಳುವವನು ಬಂದಿದ್ದಾನೆ ಎಂದರೆ ಎಲ್ಲರಿಗೂ ಹಳೆಯ ಸಂಕಟಗಳು ನೆನಪಾಗುತ್ತಿದ್ದವು. ಆಫೀಸ್ ಸುಪರಿಂಟೆಂಡೆಂಟರು ಕಾರ್ಬನ್ ಪೇಪರ್ ಹೊತ್ತಿಗೆ ಸರಿಯಾಗಿ ಬರದಿರುವ ಧೋಕಾ ಬರೆಸಿದರು. ಕ್ಯಾಂಟೀನಿನವರು ನಾಯಿಗಳನ್ನು ಬರೆಸಿದರು. ಸೈಕಲ್ ಸ್ಟ್ಯಾಂಡಿನವನು ಕೂಡ ನಾಯಿಗಳನ್ನೇ ಬರೆಸಿದ. ಅವು ಸೀಟು ಕಡಿಯುತ್ತಿದ್ದವಂತೆ. ತೋಟದ ಮಾಲಿ ನಾಯಿಗಳನ್ನು ಬಿಟ್ಟು ಸಂಚಾಲಕರ ಹೆಂಡಂದಿರನ್ನು ಬರೆಸಲು ನೋಡಿದ, ಅವರು ಹೂ ಕೀಳುತ್ತಾರೆಂದು. ಅದನ್ನು ನಾನು ಜಾಣತನದಿಂದ "ಹೂಗಿಡಗಳಿಗೆ ಹೊರಗಿನವರಿಂದ ಹಾನಿ" ಎಂದು ಮಾಡಿದೆ.

ಆಗ ನಾನಿದ್ದದ್ದು ಸೋದರತ್ತೆಯ ಮನೆಯಲ್ಲಿ. ಅತ್ತಿಯೂ ನಮ್ಮ ಗಿರಣಿಯಲ್ಲೇ ಮೊದಲ ಪಾಳಿಗೆ ಹೋಗುತ್ತಿದ್ದಳು, ಮಿಕ್ಸಿಂಗ್ ರೂಮಿಗೆ. ಬಿಚ್ಚಿದ ಗಂಟುಗಳ ಹತ್ತಿಯನ್ನು ಹರಡಿ, ಅದರೊಳಗಿನ ಬಣ್ಣದ ಚಿಂದಿ, ಗೋಣಿಯ ದಾರ, ಕಲ್ಲು ಆರಿಸುವ ಕೆಲಸ. ಒಂದು ಪಾಳಿಗೆ ಹದಿನಾಲ್ಕು ಹೆಂಗಸರು. ಅವತ್ತು ರೊಟ್ಟಿ ಬಡಿಯುತ್ತ ಕೇಳಿದಳು.

"ಊರ ಮಂದೀದೆಲ್ಲಾ ಬರ್ಕೋತೀ ಅಂತ. ನಮ್ಮ ಬಾಗಲಾ ಬರದೀಯೇನ?"

"ಯಾವ ಬಾಗಲಾ, ಅತ್ತಿ?"

"ಹಿಂದಿಂದು. ಕೀಲಿ ಜಡದಾರಲ್ಲ, ಅದು."

ಆ ಬಾಗಿಲು ನಾನೂ ನೋಡಿದ್ದೆ. ಮಿಕ್ಸಿಂಗ್ ರೂಮಿಗೆ ಎರಡು ಬಾಗಿಲು. ಮುಂದಿನದು ಬ್ಲೋರೂಮಿಗೆ ತೆರೆಯುತ್ತದೆ. ಹತ್ತಿಯನ್ನು ಬಡಿದು ಬಿಡಿಸುವ ಯಂತ್ರಗಳು ಅಲ್ಲಿವೆ. ಹತ್ತಿಯೊಳಗೆ ಒಂದು ಕಬ್ಬಿಣದ ಚೂರೋ ಕಲ್ಲೋ ಉಳಿದು ಆ ಯಂತ್ರಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಸುತ್ತ ಇರುವುದೆಲ್ಲ ಹತ್ತಿ, ಹತ್ತಿಯ ಧೂಳು. ಹಾಗಾಗಿ ಗಿರಣಿಯಲ್ಲಿ ಬೆಂಕಿ ಏಳುವ ಜಾಗ ಯಾವುದು ಎಂದರೆ ಅದೇ. ಹಿಂದಿನ ಬಾಗಿಲು ಬಯಲಿಗೆ ತೆರೆಯುತ್ತದೆ. ಹತ್ತಿ ಕಳವಾಗುತ್ತದೆ ಎಂದು ಅದಕ್ಕೆ ಹೊರಗಿನಿಂದ ಸರಪಳಿ ಸುತ್ತಿ ಕೀಲಿ ಹಾಕಿದ್ದರು. ಚಾವಿ ಇರುವುದು ದೊಡ್ಡ ಗೇಟಿನ ಕ್ಯಾಬಿನ್ನಿನಲ್ಲಿ.

"ಬರೀತೇನಿ ಬಿಡು," ಎಂದೆ.

ಬರೆದೆ. ಖಾತೆಗಳ ಕಾಗದ ನನ್ನ ಕೈಸೇರಿದ ಕ್ರಮದಲ್ಲೇ ನಂಬರು ಹಾಕಿದ್ದೆನಾದ್ದರಿಂದ ಅದು ತೊಂಬತ್ತೇಳನೆಯದಾಯಿತು. ನನ್ನ ಆಗಿನ ಇಸ್ತ್ರಿ ಹಾಕಿದ ಭಾಷೆಯಲ್ಲಿ ಹೀಗೆ ಟೈಪ್ ಮಾಡಿದೆ: "ಮಿಕ್ಸಿಂಗ್ ಖಾತೆಯ ಹಿಂಬದಿಯ ಬಾಗಿಲು ಬಂದ್ ಇರುವುದರಿಂದ ಅನನುಕೂಲ." ತೊಂಬತ್ತಾರು, ಕ್ಯಾಂಟೀನಿನ ಬಶಿಗಳು ಒಡೆಯುವುದು. ತೊಂಬತ್ತೆಂಟು, ನೋಟೀಸ್ ಬೋರ್ಡಿನ ಗಾಜಿಗೆ ಬಿರುಕು. ಒಟ್ಟು ನೂರಾ ನಲವತ್ತೆರಡು. ಬೆನ್ನಿಗೆ ಕೆಂಪು ದಾರ ಕಟ್ಟಿ ಎತ್ತಿ ನೋಡಿದೆ. ತೂಕವಿತ್ತು. ಹೆಮ್ಮೆಯಿಂದ ಎರಡು ಸಲ ಮೇಜಿನ ಮೇಲೆ ಕುಕ್ಕಿದೆ.

ಸಂಚಾಲಕ ಮಂಡಳಿಯ ಸಭೆ ಹೇಗೆ ನಡೆಯುತ್ತದೆ ಎಂದು ಪುಸ್ತಕ ಬರೆದವನಿಗೆ ಗೊತ್ತಿರಲಿಲ್ಲ. ಕೆಲಸವೆಲ್ಲ ಮರಾಠಿಯಲ್ಲಿ. ಸುಪರಿಂಟೆಂಡೆಂಟರು ನಿಂತು ಒಂದರಿಂದ ಶುರು ಮಾಡಿ ಒಂದೊಂದೇ ವಿಷಯ ಓದುತ್ತಾರೆ. ಓದಿದ್ದರ ಮೇಲೆ ಯಾರಾದರೂ ಮಾತಾಡಲೇಬೇಕು. ಸುಮ್ಮನೆ ಬಿಟ್ಟರೆ ಆ ವಿಷಯ ಬರೆಸಿದವರಿಗೆ ಅವಮಾನ. ಹೀಗೆ ಚಹಾ ಬರುವವರೆಗೂ ನಡೆಯುತ್ತದೆ. ಚಹಾ ಬಂದ ಮೇಲೆ ಯಾರೋ ಒಬ್ಬರು "ಬಾಕೀಚೆ ವಾಚೂನ್ ಮಂಜೂರ್" ಎನ್ನುತ್ತಾರೆ. ಅಂದರೆ ಉಳಿದದ್ದನ್ನೆಲ್ಲ ಓದಲಾಯಿತು, ಒಪ್ಪಲಾಯಿತು. ನಾನು ಸೇರುವುದಕ್ಕೂ ಬಹಳ ಮೊದಲಿನ ಪದ್ಧತಿ ಇದು.

ನಾಯಿಗಳ ಮೇಲೆ ಅರ್ಧ ತಾಸು ಚರ್ಚೆಯಾಯಿತು. ಒಬ್ಬ ಸಂಚಾಲಕರು ಅವನ್ನು ಮುರಗೂಡದ ಕಡೆ ಬಿಟ್ಟು ಬರೋಣ ಎಂದರು. ಮುರಗೂಡದ ಕಡೆಯವರೇ ಆದ ಇನ್ನೊಬ್ಬ ಸಂಚಾಲಕರು, ನಮ್ಮೂರೇನು ನಿಮ್ಮ ಕಸದ ಬುಟ್ಟಿಯೇ ಎಂದು ಕೇಳಿದರು. ಅದು ಆರುವ ಹೊತ್ತಿಗೆ ಸೈಕಲ್ ಸ್ಟ್ಯಾಂಡಿನ ನಾಯಿಗಳು ಬಂದವು, ನಂಬರ್ ಇಪ್ಪತ್ತಮೂರು. ಇವು ಬೇರೆ ನಾಯಿಗಳೋ ಅವೇ ನಾಯಿಗಳೋ ಎಂದು ಚೇರಮನ್‌ರು ನನ್ನನ್ನು ನೋಡಿ ಕೇಳಿದರು. ಅವೇ ಎಂದೆ. ಹಾಗಿದ್ದರೆ ಎರಡು ಸಲ ಯಾಕೆ ಬರೆದಿರಿ ಎಂದರು. ಖಾತೆ ಬೇರೆ ಎಂದೆ. ಇದು ಅವರಿಗೆ ಸರಿ ಅನ್ನಿಸಿತು.

ನಲವತ್ತೊಂದಕ್ಕೆ ಚಹಾ ಬಂತು, ಚೂಡಾದ ಜೊತೆ. ಬಾಕೀಚೆ ವಾಚೂನ್ ಮಂಜೂರ್.

ಮರುದಿನ ಠರಾವು ಟೈಪ್ ಮಾಡುವಾಗ ನನ್ನ ಬೆರಳು ಒಂದು ಕ್ಷಣ ನಿಂತಿತು. ಮಂಡಳಿ ನೂರಾ ನಲವತ್ತೆರಡು ಧೋಕಾಗಳನ್ನೂ ಸರ್ವಾನುಮತದಿಂದ ಮಂಜೂರು ಮಾಡಿದೆ ಎಂದು ಅದರಲ್ಲಿತ್ತು. ಬಶಿಗಳು ಒಡೆಯುವುದಕ್ಕೂ ಮಂಜೂರಿ, ಬಾಗಿಲು ಬಂದ್ ಇರುವುದಕ್ಕೂ ಮಂಜೂರಿ. ಮ್ಯಾನೇಜರರು ಅದನ್ನು ಓದಿ ಚಲೋ ಆಗಿದೆ ಎಂದರು. ಸರ್ವೇಯರ್ ಬರುವ ಮುಂದೆ ಕಾಗದ ಇನ್ನಷ್ಟು ನೀಟಾಗಿ ಬೇಕು, ಮುಂದಿನ ಸಭೆಗೆ ಮತ್ತೊಮ್ಮೆ ಇಡೋಣ ಎಂದೂ ಹೇಳಿದರು.

ಇದಾದ ಹತ್ತು ದಿನಕ್ಕೆ ಬ್ಲೋರೂಮಿನಲ್ಲಿ ಬೆಂಕಿ ಎದ್ದಿತು. ನಾನು ಆಫೀಸಿನಲ್ಲಿದ್ದೆ. ಓಡುವ ಸದ್ದು, ಬಾಲ್ದಿಗಳ ಸದ್ದು ಕೇಳಿತು. ಯಂತ್ರಕ್ಕೆ ಕಬ್ಬಿಣದ ಪಟ್ಟಿಯ ತುಣುಕು ತಾಗಿ ಕಿಡಿ ಹಾರಿತ್ತು. ಕೆಲಸಗಾರರು ಯಂತ್ರ ನಿಲ್ಲಿಸಿ, ಮರಳು ನೀರು ಸುರಿದು, ಕೆಲವೇ ನಿಮಿಷದಲ್ಲಿ ಆರಿಸಿದರು. ನಾನು ಹೋಗುವ ಹೊತ್ತಿಗೆ ಹೊಗೆ ಮಾತ್ರ ಇತ್ತು. ಮಿಕ್ಸಿಂಗ್ ರೂಮಿನ ಹದಿನಾಲ್ಕೂ ಹೆಂಗಸರು ಹಿಂದಿನ ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಬಾಗಿಲು ಬಡಿದು ಬಡಿದು ಒಬ್ಬಳ ಕೈ ಬಾತಿತ್ತು. ಹೊರಗಿನಿಂದ ವಾಚ್‌ಮನ್ ಸರಪಳಿ ಅಲ್ಲಾಡಿಸುವುದು ಕೇಳುತ್ತಿತ್ತು. ಓಡುತ್ತ ಬಂದಿದ್ದನಂತೆ, ತಂದ ಚಾವಿಯ ಗೊಂಚಲು ಮಾತ್ರ ಗೋಡೌನಿನದು.

ಸೆಕ್ಯುರಿಟಿ ಸಾಹೇಬರು, ಮಿಲಿಟರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು, ವರದಿ ಬರೆಸಿದರು: "ಸಣ್ಣ ಬೆಂಕಿ. ಹಾನಿ ಇಲ್ಲ. ಮಹಿಳಾ ಕಾಮಗಾರರು ಗಾಬರಿಗೊಂಡು ಕೆಲಸ ಬಿಟ್ಟು ನಿಂತಿದ್ದರು." ಅದನ್ನೂ ನಾನೇ ಟೈಪ್ ಮಾಡಿದೆ.

ಅತ್ತಿ ಮನೆಗೆ ಬಂದು ಕೂದಲಿನ ಹೊಗೆ ವಾಸನೆ ಹೋಗಲೆಂದು ತಲೆ ತೊಳೆದುಕೊಂಡಳು. ಟವೆಲ್ ಸುತ್ತಿಕೊಂಡು ಕೂತು ಕೇಳಿದಳು.

"ಬರೀತೇನಿ ಅಂದಿದ್ದೆಲ್ಲಾ?"

"ಬರದೇನಿ ಅತ್ತಿ. ತೊಂಬತ್ತ ಏಳನೇದು."

"ಅದರ ಮುಂದ ತೊಂಬತ್ತಾರು ಏನೇನ ಅದಾವು?"

ನಾನು ಕೊಡ ಎತ್ತಿಕೊಂಡು ನೀರು ತರಲು ಹೋದೆ.

ಆ ವಾರ ನನ್ನೊಳಗಿನ ಶಾಸ್ತ್ರಜ್ಞ ಜಾಗೃತನಾದ. ಎಲ್ಲ ಧೋಕಾಗಳನ್ನೂ ಒಂದೇ ಕಪ್ಪು ಅಕ್ಷರದಲ್ಲಿ ಹೊಡೆದದ್ದು ತಪ್ಪು ಎಂದು ಹೊಳೆಯಿತು. ನನ್ನ ಟೈಪ್‌ರೈಟರಿನ ರಿಬ್ಬನ್ ಎರಡು ಬಣ್ಣದ್ದು, ಮೇಲರ್ಧ ಕಪ್ಪು, ಕೆಳಗರ್ಧ ಕೆಂಪು. ದೊಡ್ಡ ಧೋಕಾಗಳನ್ನು ಕೆಂಪಿನಲ್ಲಿ ಹೊಡೆಯೋಣ. ಯಾವುದು ದೊಡ್ಡದು ಎಂದು ತಿಳಿಯಲು ಪುಸ್ತಕದಲ್ಲಿ ಲೆಕ್ಕವೇ ಇತ್ತು. ಆಗುವ ಸಂಭವಕ್ಕೆ ಒಂದರಿಂದ ಐದು, ಆದರೆ ಆಗುವ ಹಾನಿಗೆ ಒಂದರಿಂದ ಐದು, ಎರಡನ್ನೂ ಗುಣಿಸಿ. ಪೂರ್ಣ ಇಪ್ಪತ್ತೈದು. ಹತ್ತು ದಾಟಿದ್ದು ಕೆಂಪು ಎಂದು ನಾನೇ ನಿಯಮ ಮಾಡಿ, ಖಾತೆಯವರಿಗೆ ಅಂಕ ಹಾಕಲು ಕೊಟ್ಟೆ.

ಮೂರು ದಿನದಲ್ಲಿ ಕಾಗದಗಳು ತಿರುಗಿ ಬಂದವು. ಸೈಕಲ್ ಸ್ಟ್ಯಾಂಡು ನಾಯಿಗಳಿಗೆ ಇಪ್ಪತ್ತೈದು ಹಾಕಿತ್ತು. ಅದನ್ನು ಕೇಳಿ ಕ್ಯಾಂಟೀನು ತನ್ನ ಹದಿನಾರನ್ನು ಹೊಡೆದು ಇಪ್ಪತ್ತೈದು ಮಾಡಿತ್ತು. ಸುಪರಿಂಟೆಂಡೆಂಟರು ಕಾರ್ಬನ್ ಪೇಪರಿಗೆ ಇಪ್ಪತ್ತು ಕೊಟ್ಟು, ಬದಿಯಲ್ಲಿ "ಕನಿಷ್ಠ" ಎಂದು ಬರೆದಿದ್ದರು.

"ಸಾಹೇಬ್ರ, ಕಾರ್ಬನ್ ಇಲ್ಲಂದ್ರ ಯಾರೂ ಸಾಯಂಗಿಲ್ಲಲ್ರಿ," ಎಂದೆ.

"ನಮ್ಮ ಖಾತೆ ಅಂದ್ರ ನಿನಗ ಸಸಾರ ಆತೇನೋ? ಸ್ಪಿನ್ನಿಂಗ್‌ನವರಿಗೆ ಏಳು ಕೆಂಪು ಕೊಟ್ಟೀ. ನಮಗ ಒಂದೂ ಇಲ್ಲಂದ್ರ ನಾವೇನ್ ಇಲ್ಲಿ ಉಂಡಾಡಾಕ ಕುಂತೇವೇನ?"

ಕೆಂಪು ಎಂದರೆ ಮಾನ ಎಂದು ಎಲ್ಲರಿಗೂ ತಿಳಿದುಹೋಗಿತ್ತು. ವಾರದ ಕೊನೆಗೆ ಅರವತ್ತೊಂದು ಕೆಂಪು. ರಿಬ್ಬನ್ನಿನ ಕೆಳಗರ್ಧ ಮಾಸಿ, ಕೆಂಪು ಮೊದಲು ಗುಲಾಬಿಯಾಯಿತು, ಕೊನೆಗೆ ಓದಲು ಬರದಂತಾಯಿತು. ದೊಡ್ಡ ಧೋಕಾಗಳು ಚಿಕ್ಕವಕ್ಕಿಂತ ಮಬ್ಬಾಗಿ ಕಾಣುವ ಯಾದಿಯನ್ನು ಲೋಕದಲ್ಲಿ ಮೊದಲು ಮಾಡಿದವನು ನಾನೇ ಇರಬೇಕು.

ಬಾಗಿಲಿಗೆ ನಾನೇ ಪ್ರಾಮಾಣಿಕವಾಗಿ ಅಂಕ ಹಾಕಿದ್ದೆ. ಬೆಂಕಿ ಬೆಳೆದು ಮುಂದಿನ ದಾರಿ ಕಟ್ಟುವುದು ಅಪರೂಪ, ಎರಡು. ಹಾನಿ, ಐದು. ಗುಣಿಸಿದರೆ ಹತ್ತು. ಹತ್ತು ದಾಟದ ಕಾರಣ ಕಪ್ಪು. ಕ್ಯಾಂಟೀನಿನ ಚಹಾ ತಡವಾಗುವುದು ದಿನಾ ಆಗುತ್ತದೆ, ಐದು, ಹಾನಿ ಎರಡು, ಅದೂ ಹತ್ತು. ಅಂಕದ ಕ್ರಮದಲ್ಲಿ ಟೈಪ್ ಮಾಡಿದಾಗ ಎರಡೂ ಅಕ್ಕಪಕ್ಕ ಬಂದವು. ಅತ್ತಿ ಓದಲು ಬಾರದವಳು, ಓದಿ ಹೇಳು ಎಂದಳು. ಹೇಳಿದೆ. ಲೆಕ್ಕವನ್ನೂ ವಿವರಿಸಿದೆ, ಉತ್ಸಾಹದಿಂದಲೇ.

"ಅಂದ್ರ ನಾವು ಹದಿನಾಲ್ಕ ಮಂದಿ ಸುಟ್ಟು ಹೋಗೂದೂ, ನಿಮ್ಮ ಚಹಾ ಆರಿ ಬರೂದೂ, ಎರಡೂ ಒಂದs ತೂಕಾ?"

"ಹಂಗಲ್ಲ ಅತ್ತಿ. ಗುಣಾಕಾರದಾಗ ಹಂಗ ಬಂದೈತಿ."

"ಗುಣಾಕಾರ ನೀನs ಮಾಡೀದ್ದಲ್ಲ?" ಎಂದಳು. ಆಮೇಲೆ ಮೆತ್ತಗೆ, "ಮುಂದಿನ ಸರ್ತಿ ಬೆಂಕಿ ಎದ್ರ ಚಾವಿ ಯಾವಾಗ ಬರತೈತಿ, ಅದನ್ನೂ ಗುಣಿಸಿ ಹೇಳು ತಮ್ಮಾ," ಎಂದು ಎದ್ದು ಹೋದಳು.

ಶನಿವಾರ ಊರಿಗೆ ಹೊರಟಾಗ ಎಸ್‌ಟಿ ಬಸ್ಸಿನಲ್ಲಿ ನಮ್ಮ ಸ್ಟೋರ್‌ಕೀಪರ್ ಕಾಕಾ ಪಕ್ಕದಲ್ಲಿ ಕೂತರು. ಗಡಹಿಂಗ್ಲಜದ ಜೈನರು, ಮೂವತ್ತು ವರ್ಷ ಬೋಲ್ಟು ನಟ್ಟು ಬೇರಿಂಗುಗಳ ನಡುವೆ ಕಳೆದವರು, ಮಾತು ಬಹಳ ಕಡಿಮೆ. ನಾನು ದಾರಿಯುದ್ದಕ್ಕೂ ಅರವತ್ತೊಂದು ಕೆಂಪುಗಳ ಗೋಳು ಹೇಳಿಕೊಂಡೆ. ಅವರು ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳನ್ನು ನೋಡುತ್ತ ಕೇಳಿಸಿಕೊಂಡರು.

"ನನ್ನ ಸ್ಟೋರಿಗೆ ಎಲ್ಲಾರೂ ಬಂದು ಅರ್ಜಂಟ್ ಅಂತಾರ," ಎಂದರು ಕೊನೆಗೆ. "ಮೂವತ್ತ ವರ್ಷದಾಗ ಅರ್ಜಂಟ್ ಇಲ್ಲದ ಬೇರಿಂಗ್ ನಾ ನೋಡಿಲ್ಲ."

"ಮತ್ತ ನೀವೇನ್ ಮಾಡ್ತೀರಿ ಕಾಕಾ?"

"ಇಂಡೆಂಟ್ ಕಾಗದಾ ಮುಂದ ಇಡತೇನಿ. ಯಾರಿಗೆ ಬೇಕು, ಯಾವತ್ತ ಹಾಕತೀ, ಬರದು ಸಹಿ ಮಾಡಪಾ ಅಂತೇನಿ. ಅರ್ಧಾ ಮಂದಿ ನಾಳಿಗೆ ಬರತೇವಂತಾರ. ಬರಂಗಿಲ್ಲ."

"ಆದ್ರ ಖರೇನ ಬೇಕಾದಾಂವ ಸಹಿಗೆ ಹೆದರಿ ಹೋಗಿಬಿಟ್ರ?"

ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಅದನ್ನ ನೀ ಮೊದಲs ತಗದು ಇಟ್ಕೋಬೇಕು. ಅದಕ್ಕ ಅಂಕಾ ಗಿಂಕಾ ಬ್ಯಾಡ. ಯಾರರ ಸಾಯ್ತಾರೋ? ಗಿರಣಿ ತಿಂಗಳಗಟ್ಲೆ ನಿಂದರತೈತೋ? ಇಷ್ಟs ಕೇಳು. ಅಪರೂಪಕ್ಕ ಆಗತೈತೋ ದಿನಾ ಆಗತೈತೋ ಆಮ್ಯಾಲ ನೋಡು. ಸತ್ತಾಂವಗ ಅಪರೂಪಾ ಆದ್ರೇನು?"

ಹಿರಣ್ಯಕೇಶಿ ಹೊಳೆಯ ಸೇತುವೆ ಬರುವ ಹೊತ್ತಿಗೆ ಅವರು ನಿದ್ದೆ ಹೋಗಿದ್ದರು. ಮೂರು ಸಲ ಓದಿದ ನನ್ನ ಪುಸ್ತಕ ತೊಡೆಯ ಮೇಲಿತ್ತು. ಅದನ್ನು ಸುಮ್ಮನೆ ಚೀಲದೊಳಗೆ ಹಾಕಿದೆ.

ಸೋಮವಾರ ಕೂತು ನೂರಾ ನಲವತ್ತೆರಡಕ್ಕೂ ಆ ಎರಡೇ ಪ್ರಶ್ನೆ ಕೇಳಿದೆ. ಹೌದು ಎಂದವು ಮೂರೇ. ಒಂದು, ಬಾಗಿಲು. ಎರಡು, ಬೆಂಕಿ ಆರಿಸಲು ಇಟ್ಟ ನೀರಿನ ಟಾಕಿಯಿಂದಲೇ ಕ್ಯಾಂಟೀನಿಗೂ ತೋಟಕ್ಕೂ ನೀರು ಬಿಡುತ್ತಿದ್ದು, ಮಧ್ಯಾಹ್ನಕ್ಕೆ ಅದು ಬರಿದಾಗುತ್ತಿತ್ತು. ಮೂರು, ಮಳೆಗಾಲದಲ್ಲಿ ಕರೆಂಟಿನ ಮುಖ್ಯ ಪ್ಯಾನೆಲ್ಲಿನ ಮೇಲೆ ಚಾವಣಿ ಸೋರುತ್ತಿತ್ತು. ಟಾಕಿ ನನ್ನ ಹಳೆಯ ಯಾದಿಯಲ್ಲಿ ನೂರಾ ಎಂಟನೆಯದು, "ನೀರಿನ ಅಭಾವ" ಎಂದಿತ್ತು. ಪ್ಯಾನೆಲ್ಲು "ಕಟ್ಟಡ ದುರಸ್ತಿ" ಎಂಬ ಹೆಸರಿನಲ್ಲಿ ಸಂಡಾಸಿನ ಬಾಗಿಲಿನ ಜೊತೆ ಕೂತಿತ್ತು. ಏನಿದೆ, ಅದರಿಂದ ಏನಾದರೆ, ಯಾರಿಗೆ ಏನಾಗುತ್ತದೆ ಎಂದು ಬರೆಯದೆ ನಾನೇ ಅವನ್ನು ಚಿಕ್ಕವನ್ನಾಗಿ ಮಾಡಿದ್ದೆ. ಈಗ ಮೂರನ್ನೂ ಬೇರೆ ಒಂದೇ ಹಾಳೆಯಲ್ಲಿ, ನಡುವೆ ಜಾಗ ಬಿಟ್ಟು, ಕಪ್ಪು ಅಕ್ಷರದಲ್ಲೇ ಹೊಡೆದೆ. ಮೊದಲನೆಯದು ಹೀಗಿತ್ತು:

"ಹಿಂಬಾಗಿಲಿಗೆ ಹೊರಗಿನಿಂದ ಕೀಲಿ ಇದೆ, ಚಾವಿ ದೊಡ್ಡ ಗೇಟಿನಲ್ಲಿದೆ. ಆದ್ದರಿಂದ ಬ್ಲೋರೂಮಿನ ಬೆಂಕಿ ಬೆಳೆದು ಮುಂದಿನ ಬಾಗಿಲು ಕಟ್ಟಿದರೆ, ಮಿಕ್ಸಿಂಗ್ ರೂಮಿನ ಹದಿನಾಲ್ಕು ಹೆಂಗಸರಿಗೆ ಹೊರಬರಲು ದಾರಿ ಇಲ್ಲ."

ಪ್ರತಿಯೊಂದರ ಮುಂದೆ ಎರಡು ಖಾಲಿ ಚೌಕ: ಯಾವ ದಿನದೊಳಗೆ ಸರಿ ಮಾಡುತ್ತೇನೆ, ಯಾರ ಸಹಿ.

ಆಮೇಲೆ ಎಲ್ಲ ಖಾತೆಗಳಿಗೂ ಚೀಟಿ ಕಳಿಸಿದೆ. ಮೊದಲ ಹಾಳೆಯಲ್ಲಿ ತಮ್ಮ ಧೋಕಾ ಬರಬೇಕೆನ್ನುವವರು ದಿನಾಂಕ ಹಾಕಿ ಸಹಿ ಮಾಡಬೇಕು, ಆ ದಿನ ಸರಿಹೋಗದಿದ್ದರೆ ಮಂಡಳಿ ಅವರನ್ನೇ ಕೇಳುತ್ತದೆ.

ಮಧ್ಯಾಹ್ನದ ಊಟಕ್ಕೂ ಮುಂಚೆ ಸೈಕಲ್ ಸ್ಟ್ಯಾಂಡಿನವನು ಬಂದ. "ಆ ನಾಯಿ ಅಷ್ಟೇನ್ ದೊಡ್ಡದಲ್ಲ ಬಿಡ್ರಿ. ಪಾಪ, ಹೊಟ್ಟಿಗಿಲ್ದ ಕಡೀತಾವು," ಎಂದ. ಸುಪರಿಂಟೆಂಡೆಂಟರು ಕಾರ್ಬನ್ ಪೇಪರ್ ಈಚೆಗೆ ಸರಿಯಾಗಿಯೇ ಬರುತ್ತಿದೆ ಎಂದು ಹೇಳಿ ಕಳಿಸಿದರು. ಸಂಜೆಯೊಳಗೆ ಐವತ್ತೊಂಬತ್ತು ಮಾನದ ಕೆಂಪುಗಳು ಕಪ್ಪಿಗೆ ಇಳಿದವು. ಗಿರಣಿ ಒಂದೇ ದಿನದಲ್ಲಿ ಇಷ್ಟು ಸುರಕ್ಷಿತವಾದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಟಾಕಿಗೂ ಪ್ಯಾನೆಲ್ಲಿಗೂ ಎಂಜಿನಿಯರ್ ಸಾಹೇಬರು ಗೊಣಗುತ್ತ ದಿನಾಂಕ ಹಾಕಿ ಸಹಿ ಮಾಡಿದರು. ಸೆಕ್ಯುರಿಟಿ ಸಾಹೇಬರು ಮಾತ್ರ ಬಾಗಿಲನ್ನು ಹಿಂದಕ್ಕೆ ಹಾಕು ಎನ್ನಲು ಬಂದರು.

"ಎಲ್ಲಾರೂ ಹಿಂದಕ ತಗೊಂಡಾರಲ್ಲ, ನಮ್ಮದೂ ತಗೀ."

"ಅದು ಬರಂಗಿಲ್ರಿ ಸಾಹೇಬ್ರ. ಮಂದಿ ಸಾಯೂದು ಇದ್ರ ಹಾಳೀ ಮ್ಯಾಲಿಂದ ತಗಿಯಾಂಗಿಲ್ಲ."

"ಹಂಗಾರ ನಾ ಸಹಿ ಮಾಡಂಗಿಲ್ಲ."

"ನಡೀತೈತ್ರಿ. ಖಾಲಿ ಇರಲಿ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೋದರು. ನಾನು ಹಾಳೆಯನ್ನು ಮತ್ತೊಮ್ಮೆ ಓದಿ, ಆ ಚೌಕವನ್ನು ಖಾಲಿಯೇ ಬಿಟ್ಟೆ.

ಮ್ಯಾನೇಜರರ ಕೈಗೆ ಹಾಳೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

"ಮೂರs? ಇಷ್ಟ ತೆಳ್ಳಗ?"

ಇದಕ್ಕೆ ನಾನು ಸಿದ್ಧನಾಗಿದ್ದೆ. ಉಳಿದ ನೂರಾ ಮೂವತ್ತೊಂಬತ್ತನ್ನು ಖಾತೆವಾರು ವಿಂಗಡಿಸಿ, ಆಯಾ ಖಾತೆಯವರೇ ನೋಡಿಕೊಳ್ಳತಕ್ಕದ್ದು ಎಂದು ಮೇಲೆ ಬರೆದು, ಹಿಂದೆ ದಾರದಿಂದ ಕಟ್ಟಿ ತಂದಿದ್ದೆ. ಅವರು ಎತ್ತಿ ತೂಗಿ ನೋಡಿದರು. ಮುಖ ಅರಳಿತು.

ಸಭೆಯಲ್ಲಿ ಸುಪರಿಂಟೆಂಡೆಂಟರು ಪದ್ಧತಿಯಂತೆ ಒಂದರಿಂದ ಶುರು ಮಾಡಿದರು. ಒಂದು ಎಂದರೆ ಈಗ ಬಾಗಿಲು. ಅವರು ಮರಾಠಿಯಲ್ಲಿ ಹದಿನಾಲ್ಕು ಹೆಂಗಸರಿಗೆ ದಾರಿ ಇಲ್ಲ ಎಂದು ಓದಿ ಮುಗಿಸಿದರು. ಒಬ್ಬ ಸಂಚಾಲಕರು ನಾಯಿಗಳು ಎಲ್ಲಿ ಹೋದವು ಎಂದು ಕೇಳಿದರು. ಹಿಂದಿವೆ ಎಂದೆ. ಇನ್ನೊಬ್ಬರು ಬಾಗಿಲ ಕಡೆ, ಅಂದರೆ ಚಹಾದ ಕಡೆ, ನೋಡಿದರು.

ಚೇರಮನ್‌ರು ಕನ್ನಡಕ ಏರಿಸಿ ಹಾಳೆಯನ್ನು ಹತ್ತಿರ ಹಿಡಿದರು. ಅವರ ಮನೆಮಾತು ಕನ್ನಡ. ಸಿಟ್ಟು ಬಂದಾಗ ಮಾತ್ರ ಸಭೆಯಲ್ಲಿ ಅದು ಹೊರಬರುತ್ತಿತ್ತು.

"ಇದು ಕೊಲ್ಹಾಪುರಕ್ಕ ಹೋಗತೈತೇನ?" ಎಂದು ನನ್ನನ್ನು ಕೇಳಿದರು.

"ಹೌದ್ರಿ."

"ಕೆಳಗ ನನ್ನ ಸಹಿ ಇರತೈತಿ?"

"ಹೌದ್ರಿ."

"ಟಾಕೀ ಮುಂದ ಸಹಿ ಐತಿ. ಪ್ಯಾನೆಲ್ ಮುಂದ ಐತಿ. ಇಲ್ಲಿ ಖಾಲಿ. ನಾಳೆ ಏನರ ಆದ್ರ, ಈ ಹಾಳೀ ಮ್ಯಾಲ ಆ ಬಾಗಲದ ಜವಾಬ್ದಾರಿಗೆ ಇರಾಂವ ಯಾರು?"

ಉತ್ತರವನ್ನು ಹಾಳೆಯೇ ಹೇಳುತ್ತಿತ್ತು. ಮೇಲೆ ಖಾಲಿ ಚೌಕ, ಕೆಳಗೆ ಅವರೊಬ್ಬರೇ.

ಸೆಕ್ಯುರಿಟಿ ಸಾಹೇಬರನ್ನು ಕರೆಸಿದರು. ಅವರು ಅಟೆನ್ಷನ್‌ನಲ್ಲಿ ನಿಂತು, ಕೀಲಿ ತೆಗೆದರೆ ಹತ್ತಿ ಚೋರಿಯಾಗುತ್ತದೆ ಎಂದರು.

"ಚೋರಿ ಎಷ್ಟನೇ ನಂಬರ್ ಐತೋ?" ಚೇರಮನ್‌ರು ನನ್ನ ಕಡೆ ತಿರುಗಿದರು.

"ಹಿಂದ ಐತ್ರಿ. ಎಪ್ಪತ್ತನಾಕು."

"ಎಪ್ಪತ್ತನಾಕರ ಸಲುವಾಗಿ ಒಂದನೇದಕ್ಕ ಕೀಲಿ ಹಾಕೀರಿ," ಎಂದರು ಸೆಕ್ಯುರಿಟಿ ಸಾಹೇಬರಿಗೆ. "ಹೊರಗ ಒಬ್ಬ ವಾಚ್‌ಮನ್‌ಗ ಸ್ಟೂಲ್ ಹಾಕಿ ಕೂಡ್ಸಾಕ ಬರಂಗಿಲ್ಲೇನು?"

ಅಷ್ಟರಲ್ಲಿ ಚಹಾದ ಟ್ರೇ ಬಾಗಿಲಿಗೆ ಬಂತು. ಒಬ್ಬ ಸಂಚಾಲಕರು ಅಭ್ಯಾಸಬಲದಿಂದ "ವಾಚೂನ್..." ಎಂದು ಬಾಯಿ ತೆರೆದರು. ಚೇರಮನ್‌ರು ಕೈ ಎತ್ತಿದರು.

"ಚಹಾ ಅಲ್ಲೇ ಇರಲಿ. ಮೊದಲ ಆ ಸರಪಳಿ, ಕೀಲಿ ತಂದು ಈ ಟೇಬಲ್ ಮ್ಯಾಲ ಇಡು. ಆಮ್ಯಾಲ ಚಹಾ."

ಇಂಥ ಸಭೆಗಳ ಇತಿಹಾಸದಲ್ಲಿ ಒಂದು ಧೋಕಾ ಇಷ್ಟು ಬೇಗ ಎಲ್ಲರಿಗೂ ಅರ್ಥವಾದದ್ದು ನನಗೆ ತಿಳಿದಿಲ್ಲ. ಹೋದ ಸಭೆಯಲ್ಲಿ ನೂರೊಂದು ಧೋಕಾಗಳನ್ನು ಓದದೆ ನುಂಗಿದವರು ಈಗ ಐದೈದು ನಿಮಿಷಕ್ಕೆ ಎದ್ದು ಕಿಟಕಿಯಿಂದ ಹಣಿಕಿ, ವಾಚ್‌ಮನ್ ಬಂದನೇ, ಇನ್ನೂ ಬಂದಿಲ್ಲವೇ, ಚಾವಿ ಸಿಕ್ಕಿಲ್ಲವೇ ಎಂದು ಚಡಪಡಿಸಿದರು. ಚಾವಿ ನಿಜಕ್ಕೂ ಸಿಕ್ಕಿರಲಿಲ್ಲ. ಗೊಂಚಲು ಹುಡುಕಿ ತಂದು ತೆಗೆಯುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿತ್ತು. ಎಲ್ಲರೂ ಆ ಕಾದ ಹೊತ್ತನ್ನು ಮನಸ್ಸಿನಲ್ಲೇ ಅಳೆದರು. ಸರಪಳಿ ಮೇಜಿನ ಮೇಲೆ ಬಿದ್ದಾಗ ಸೆಕ್ಯುರಿಟಿ ಸಾಹೇಬರು ಖಾಲಿ ಚೌಕದಲ್ಲಿ ಅಂದಿನ ದಿನಾಂಕ ಹಾಕಿ ಸಹಿ ಮಾಡಿದರು. ಒಳಗಿನಿಂದ ತೆಗೆಯುವ ಚಿಲಕ ಮರುದಿನ ಹಾಕಿಸಿದರು.

ಸರ್ವೇಯರ್ ಬಂದಾಗ ಮೊದಲ ಹಾಳೆಯನ್ನಷ್ಟೇ ಓದಿ, ಹಿಂದಿನ ಗಂಟನ್ನು ಬಿಚ್ಚದೆಯೇ, ನೇರವಾಗಿ ಆ ಮೂರು ಜಾಗ ನೋಡಲು ಹೋದರು. ಮ್ಯಾನೇಜರ್ ಸಾಹೇಬರು ಅವರಿಗೆ, ದೊಡ್ಡದನ್ನು ಚಿಕ್ಕದರಿಂದ ಬೇರೆ ಮಾಡಿ ಮೊದಲ ಹಾಳೆಯಲ್ಲಿಡುವುದು ತಮ್ಮ ಹಳೆಯ ಪದ್ಧತಿ ಎಂದು ವಿವರಿಸಿದರು. ನಾನು ಪಕ್ಕದಲ್ಲೇ ಕಡತ ಹಿಡಿದು ನಿಂತಿದ್ದೆ. ತೆಳ್ಳಗಿದ್ದರೇ ಚೆನ್ನ, ಎಂದೂ ಅವರು ಸೇರಿಸಿದರು.

ಮಿಕ್ಸಿಂಗ್ ರೂಮಿನಲ್ಲಿ ಚಿಲಕ ಹಾಕಿದ ದಿನ ಅತ್ತಿ ಪಾಳಿ ಶುರುವಾಗುವ ಮುಂಚೆ ಹೋಗಿ ಆ ಬಾಗಿಲು ತೆಗೆದು ನೋಡಿದಳು. ಹಾಕಿದಳು. ಮತ್ತೆ ತೆಗೆದಳು. ಆಮೇಲೆ ಉಳಿದ ಹದಿಮೂರು ಮಂದಿಯನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಯಿಂದಲೂ ತೆಗೆಸಿ ಹಾಕಿಸಿದಳು. ಕೈ ಬಾತಿದ್ದವಳಿಂದ ಎರಡು ಸಲ. ಹೊರಗೆ ಸ್ಟೂಲಿನ ಮೇಲೆ ಕೂತ ವಾಚ್‌ಮನ್‌ಗೆ ಪ್ರತಿ ಸಲವೂ ಎದ್ದು ಸ್ಟೂಲು ಸರಿಸಬೇಕಾಯಿತಂತೆ.

ಮರುವಾರ ಸೆಕ್ಯುರಿಟಿ ಖಾತೆಯಿಂದ ಯಾದಿಗೆ ಸೇರಿಸಲು ಹೊಸದೊಂದು ಬಂತು: "ಮಿಕ್ಸಿಂಗ್ ಖಾತೆಯ ಮಹಿಳೆಯರು ದಿನಾಲೂ ಕಾರಣವಿಲ್ಲದೆ ಬಾಗಿಲು ತೆಗೆದು ಹಾಕುವುದು." ನಾನದನ್ನು ಕಪ್ಪು ಅಕ್ಷರದಲ್ಲಿ ಹೊಡೆದು, ನೂರಾ ನಲವತ್ತಮೂರು ಎಂದು ನಂಬರು ಹಾಕಿ, ಹಿಂದಿನ ಗಂಟಿನಲ್ಲಿ ಕಟ್ಟಿಟ್ಟೆ.